ಸ್ಟಾಫ್ ನರ್ಸ್‌ನಿಂದ ಶಿಫ್ಟ್ ಇನ್‌ಚಾರ್ಜ್‌ಗೆ ಬಡ್ತಿ: ಟಿಪ್ಪಣಿ ವಾಪಸ್ ಬಂದಿದೆ, "ಉದಾಹರಣೆ ಎಲ್ಲಿ?" ಅಂತ

ವಾರ್ಡ್ ಇನ್‌ಚಾರ್ಜ್, ಬೆಂಗಳೂರು

ಖಾಸಗಿ ಆಸ್ಪತ್ರೆ, 30 ಹಾಸಿಗೆಯ ಮೆಡಿಕಲ್ ವಾರ್ಡ್. ಆರು ವರ್ಷ ಅನುಭವದ ಒಬ್ಬ ಸಿಸ್ಟರ್‌ಗೆ ಶಿಫ್ಟ್ ಇನ್‌ಚಾರ್ಜ್ ಹುದ್ದೆ ಕೊಡಿ ಎಂದು ಟಿಪ್ಪಣಿ ಕಳಿಸಿದ್ದೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹಿಂದಕ್ಕೆ ಕಳಿಸಿದ್ದಾರೆ. ಅದರ ಮುಖ್ಯ ಭಾಗ ಹೀಗಿತ್ತು:

"ಇವರು ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ. ಸಮಯಪಾಲನೆ ಇದೆ. ರೋಗಿಗಳ ಜೊತೆ ಸೌಜನ್ಯದಿಂದ ಇರುತ್ತಾರೆ. ಐವಿ ಕ್ಯಾನುಲಾ ವಿಷಯದಲ್ಲಿ ವಾರ್ಡಿನ ಗುಣಮಟ್ಟ ಸುಧಾರಿಸಲು ಮುಖ್ಯ ಪಾತ್ರ ವಹಿಸಿದ್ದಾರೆ. ಹೊಸಬರಿಗೆ ತರಬೇತಿ ನೀಡಿದ್ದಾರೆ. ಹಿರಿಯ ಜವಾಬ್ದಾರಿಗೆ ಅರ್ಹರು."

ಒಂದು ಹುದ್ದೆಗೆ ಐದು ವಾರ್ಡಿನಿಂದ ಹೆಸರು ಹೋಗಿವೆ. ಬುಧವಾರದೊಳಗೆ ತಿದ್ದಿ ಕೊಡಬೇಕು, ಒಂದು ಪುಟ ಮೀರಬಾರದು. ಕೊನೆಗೆ ಇಂಗ್ಲಿಷಿನಲ್ಲೇ ಹೋಗುತ್ತದೆ. ಆದರೆ ಏನು ಬರೆಯಬೇಕು ಅನ್ನುವುದು ಮೊದಲು ಕನ್ನಡದಲ್ಲಿ ನನಗೆ ಸ್ಪಷ್ಟವಾಗಬೇಕು.

ನೈಟ್ ಡ್ಯೂಟಿ

ಮೇಡಂ, ಸರ್ಟಿಫಿಕೇಟ್ ಎಲ್ಲ ಹಾಕಿ. ಬಿಎಲ್‌ಎಸ್, ಎಸಿಎಲ್‌ಎಸ್, ಇನ್‌ಫೆಕ್ಷನ್ ಕಂಟ್ರೋಲ್ ಟ್ರೈನಿಂಗ್, ಒಳಗಡೆ ಮಾಡಿದ ಕ್ಲಾಸ್‌ಗಳು, ಒಂದನ್ನೂ ಬಿಡಬೇಡಿ. ಎಚ್‌ಆರ್‌ನವರು ಮೊದಲು ನೋಡುವುದೇ ಅದು. ಆಮೇಲೆ ಆರು ವರ್ಷ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಮಂಗಳೂರು ಬ್ರದರ್

ಸರ್ಟಿಫಿಕೇಟ್ ಹಾಕಬೇಕು ಅನ್ನುವುದು ಸರಿ. ಬಿಎಲ್‌ಎಸ್ ಕಾರ್ಡಿಗೆ ಎರಡೇ ವರ್ಷ ಆಯಸ್ಸು, ಅವಧಿ ಮುಗಿದಿದ್ದರೆ ಹೆಸರು ಅಲ್ಲೇ ಬಿದ್ದುಹೋಗುತ್ತದೆ. ಆದರೆ ಅದು ಬಾಗಿಲು ದಾಟಲು ಬೇಕಾದ ಚೀಟಿ ಅಷ್ಟೆ. ಉಳಿದ ನಾಲ್ಕು ವಾರ್ಡಿನವರ ಹತ್ತಿರವೂ ಅದೇ ಕಾರ್ಡ್ ಇರುತ್ತದೆ. ಒಂದು ಸಾಲಿನಲ್ಲಿ ಮುಗಿಸಿ.

ಈ ಟಿಪ್ಪಣಿಯಲ್ಲಿ ಇರುವುದೆಲ್ಲ ಒಳ್ಳೆಯ ಸ್ಟಾಫ್ ನರ್ಸ್‌ನ ಲಕ್ಷಣ. ಶಿಫ್ಟ್ ಇನ್‌ಚಾರ್ಜ್ ಅಂದರೆ ಬೇರೆಯವರ ಕೆಲಸಕ್ಕೂ ಉತ್ತರ ಕೊಡಬೇಕಾದವರು. ಅವರಿಂದಾಗಿ ಉಳಿದ ಸಿಸ್ಟರ್‌ಗಳು ಕೆಲಸ ಮಾಡುವ ರೀತಿ ಬದಲಾಗಿದೆಯೇ ಎಂದು ಮೇಡಂ ಹುಡುಕುತ್ತಾರೆ. ನಿಮ್ಮ ಆರು ವಾಕ್ಯಗಳಲ್ಲಿ ಅಂಥದ್ದು ಇರುವುದು ಕ್ಯಾನುಲಾ ಸಾಲಿನಲ್ಲಿ ಮಾತ್ರ, ಅದನ್ನೂ "ಮುಖ್ಯ ಪಾತ್ರ" ಅಂತ ಮುಚ್ಚಿಟ್ಟಿದ್ದೀರಿ. ಅಲ್ಲಿ ನಡೆದದ್ದೇನು? ಅವರು ಏನು ನೋಡಿದರು, ಯಾರಿಗೆ ಹೇಳಿದರು, ಏನು ಬದಲಾಯಿತು?

ತಾಲೂಕು ಆಸ್ಪತ್ರೆ ಸಿಸ್ಟರ್

ನಮ್ಮಲ್ಲಿ ಜ್ಯೇಷ್ಠತಾ ಪಟ್ಟಿ ಬಂದು ಎಷ್ಟೋ ಕಾಲ ಆಯಿತು, ಹಿರಿಯ ಶುಶ್ರೂಷಾಧಿಕಾರಿ ಬಡ್ತಿ ಇನ್ನೂ ಆಗಿಲ್ಲ. ಇಂಥ ಟಿಪ್ಪಣಿ ಬರೆದು ಡಿಎಚ್‌ಒ ಆಫೀಸಿಗೆ ಕೊಟ್ಟರೆ ಬೇಗ ಆಗುತ್ತದೆಯೇ? ಯಾವ ನಮೂನೆಯಲ್ಲಿ ಕೊಡಬೇಕು?

ಮಂಗಳೂರು ಬ್ರದರ್

ಸಿಸ್ಟರ್, ನಿಮ್ಮದು ಬೇರೆ ದಾರಿ. ಸರ್ಕಾರಿ ಸೇವೆಯಲ್ಲಿ ಜ್ಯೇಷ್ಠತೆ, ಖಾಲಿ ಹುದ್ದೆ, ವಾರ್ಷಿಕ ಕಾರ್ಯನಿರ್ವಹಣಾ ವರದಿ ಇವುಗಳ ಮೇಲೆ ನಿಂತಿರುತ್ತದೆ. ಟಿಪ್ಪಣಿಯಿಂದ ಪಟ್ಟಿ ಮುಂದೆ ಸರಿಯುವುದಿಲ್ಲ. ಪ್ರತಿ ವರ್ಷದ ವರದಿಯಲ್ಲಿ ನೀವೇ ತುಂಬುವ ಭಾಗ ಇರುತ್ತದಲ್ಲ, ಅಲ್ಲಿಗೆ ಇಲ್ಲಿ ಹೇಳುವ ಕ್ರಮ ಉಪಯೋಗಕ್ಕೆ ಬರಬಹುದು. ಪಟ್ಟಿಯ ಪ್ರಶ್ನೆಗೆ ಬೇರೆ ಥ್ರೆಡ್ ಹಾಕಿ.

ವಾರ್ಡ್ ಇನ್‌ಚಾರ್ಜ್, ಬೆಂಗಳೂರು

ಸರಿ, ನಡೆದದ್ದು ಇದು. ನವೆಂಬರಿನಲ್ಲಿ ವಾರ್ಡಿನಲ್ಲಿ 212 ಕ್ಯಾನುಲಾ ಹಾಕಿದ್ದೆವು, 19ರಲ್ಲಿ ಫ್ಲೆಬೈಟಿಸ್, ಅಂದರೆ ನಾಳದ ಉರಿಯೂತ, ವಿಐಪಿ ಸ್ಕೋರ್ 2 ಅಥವಾ ಹೆಚ್ಚು. ಎಲ್ಲರೂ "ಹೊಸ ಬ್ರಾಂಡ್ ಕ್ಯಾನುಲಾ ಸರಿ ಇಲ್ಲ" ಅನ್ನುತ್ತಿದ್ದರು. ಈ ಸಿಸ್ಟರ್ 19 ಫೈಲನ್ನೂ ತೆಗೆಸಿ ಒಂದು ಹಾಳೆಯಲ್ಲಿ ಬರೆದರು: ಯಾವ ಜಾಗ, ಯಾವ ಗೇಜ್, ಎಷ್ಟು ಗಂಟೆ ಇತ್ತು, ಯಾವ ಔಷಧಿ ಹೋಯಿತು. 11 ಜನಕ್ಕೆ ಪೊಟ್ಯಾಶಿಯಂ ಕ್ಲೋರೈಡ್ ಹೋಗಿತ್ತು. ಹೆಚ್ಚಿನವರಿಗೆ ಅಂಗೈ ಹಿಂಬದಿಯ ಸಣ್ಣ ನಾಳದಲ್ಲಿ ಗುಲಾಬಿ ಕ್ಯಾನುಲಾ. ಆರ್ಡರಿನಲ್ಲಿ "ಕೆಸಿಎಲ್ 1 ಆಂಪುಲ್ ಐವಿ" ಅಂತ ಮಾತ್ರ ಇರುತ್ತಿತ್ತು, ಎಷ್ಟು ಸಲೈನ್‌ನಲ್ಲಿ ಅಂತ ಇರುತ್ತಿರಲಿಲ್ಲ. ಕೆಲವರು 500 ಮಿ.ಲೀ.ನಲ್ಲಿ, ಕೆಲವರು 100 ಮಿ.ಲೀ.ನಲ್ಲಿ ಸೇರಿಸುತ್ತಿದ್ದರು.

ಅವರು ಹಾಳೆ ತೆಗೆದುಕೊಂಡು ನನ್ನ ಹತ್ತಿರ, ಆಮೇಲೆ ಕ್ಲಿನಿಕಲ್ ಫಾರ್ಮಸಿಸ್ಟ್ ಹತ್ತಿರ ಹೋದರು. ಫಿಸಿಶಿಯನ್ ಒಪ್ಪಿ ಡೈಲ್ಯೂಷನ್ ನಿಗದಿ ಮಾಡಿದರು. ಫೆಬ್ರವರಿಯಲ್ಲಿ 205 ಕ್ಯಾನುಲಾ, 8 ಫ್ಲೆಬೈಟಿಸ್. ಇದನ್ನೇ ಬರೆದರೆ ಸಾಕೇ?

ಕ್ವಾಲಿಟಿ ಸೆಲ್

ಇದು ಟಿಪ್ಪಣಿಯ ಬೆನ್ನೆಲುಬು. ಆದರೆ ಹೀಗೆಯೇ ಹೋದರೆ ಕಮಿಟಿಯಲ್ಲಿ ಯಾರಾದರೂ ಎರಡು ಪ್ರಶ್ನೆ ಕೇಳುತ್ತಾರೆ, ಉತ್ತರ ಮೊದಲೇ ಪುಟದಲ್ಲಿ ಇರಬೇಕು.

ಮೊದಲನೆಯದು, ಫ್ಲೆಬೈಟಿಸ್ ಕಡಿಮೆಯಾಯಿತೋ, ಬರೆಯುವುದು ಕಡಿಮೆಯಾಯಿತೋ? ಸ್ಕೋರ್ ಚಾರ್ಟ್ ತುಂಬುವುದನ್ನು ಬಿಟ್ಟರೂ ಅಂಕಿ ಇಳಿಯುತ್ತದೆ. ನೋಡುವ ದಾರಿ ಸುಲಭ. ನವೆಂಬರಿನ 20 ಫೈಲ್, ಫೆಬ್ರವರಿಯ 20 ಫೈಲ್ ಕಣ್ಣುಮುಚ್ಚಿ ಎಳೆಯಿರಿ. ಮೂರೂ ಶಿಫ್ಟಿನಲ್ಲಿ ಸ್ಕೋರ್ ಬರೆದಿರುವ ಫೈಲ್ ಎಷ್ಟು ಎಂದು ಎಣಿಸಿ. ಎರಡೂ ತಿಂಗಳು ಹತ್ತಿರ ಹತ್ತಿರ ಇದ್ದರೆ ಆ ಅನುಮಾನಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ಎರಡನೆಯದು, ಡೈಲ್ಯೂಷನ್‌ನಿಂದಲೇ ಇಳಿಯಿತು ಅಂತ ಹೇಗೆ ಹೇಳುತ್ತೀರಿ? ಫೆಬ್ರವರಿಯ 8ನ್ನು ಒಡೆದು ನೋಡಿ. ಪೊಟ್ಯಾಶಿಯಂ ಹೋದವರು ಎಷ್ಟು, ಹೋಗದವರು ಎಷ್ಟು? ಎರಡೂ ಗುಂಪು ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಬೇರೇನೋ ಕಾರಣ ಇದೆ, ಬ್ರಾಂಡ್ ಇರಬಹುದು, ಎಲ್ಲರೂ ಸುಮ್ಮನೆ ಹೆಚ್ಚು ಎಚ್ಚರ ವಹಿಸಿದ್ದೂ ಇರಬಹುದು. ಪೊಟ್ಯಾಶಿಯಂ ಗುಂಪು ಮಾತ್ರ ಇಳಿದಿದ್ದರೆ ಸಿಸ್ಟರ್ ಹಿಡಿದ ಎಳೆ ಸರಿ ಎಂದಾಯಿತು.

ಇನ್ನೊಂದು: ಶೇಕಡಾ ಬರೆದರೂ ಮೂಲ ಸಂಖ್ಯೆ ಪಕ್ಕದಲ್ಲೇ ಇರಲಿ. "ಶೇ. 56ರಷ್ಟು ಇಳಿಕೆ" ಅಂತ ಮಾತ್ರ ಬರೆದರೆ ಓದುವವರಿಗೆ ಮೊದಲು ಅನುಮಾನ ಬರುತ್ತದೆ. 212ರಲ್ಲಿ 19, 205ರಲ್ಲಿ 8 ಅಂದರೆ ಯಾರೂ ಕೆದಕುವುದಿಲ್ಲ.

ನೈಟ್ ಡ್ಯೂಟಿ

ಪೊಟ್ಯಾಶಿಯಂ ಕೈಯ ಲೈನಿನಲ್ಲಿ ಕೊಡುವುದೇ ತಪ್ಪಲ್ಲವೇ? ಸೆಂಟ್ರಲ್ ಲೈನ್‌ನಲ್ಲೇ ಕೊಡಬೇಕು ಅಂತ ಓದಿದ್ದು. ಅದನ್ನು ಟಿಪ್ಪಣಿಯಲ್ಲಿ ಬರೆದರೆ ವಾರ್ಡಿನ ತಪ್ಪು ಒಪ್ಪಿಕೊಂಡ ಹಾಗೆ.

ಮಂಗಳೂರು ಬ್ರದರ್

ಸಾಂದ್ರವಾಗಿದ್ದರೆ ಸೆಂಟ್ರಲ್ ಲೈನ್, ಅದೂ ಮಾನಿಟರ್ ಇಟ್ಟುಕೊಂಡು. ತೆಳುವಾಗಿ ಮಾಡಿದರೆ ಕೈಯಲ್ಲಿ ಕೊಡಬಹುದು, ಮೆಡಿಕಲ್ ವಾರ್ಡುಗಳಲ್ಲಿ ದಿನವೂ ಕೊಡುತ್ತಾರೆ. ನಮ್ಮಲ್ಲಿ ಸಿಗುವ 10 ಮಿ.ಲೀ.ನ ಶೇ. 15ರ ಆಂಪುಲ್‌ನಲ್ಲಿ 20 ಮಿಲಿಇಕ್ವಿವೇಲೆಂಟ್ ಇರುತ್ತದೆ. ಅದನ್ನು 500 ಮಿ.ಲೀ.ಗೆ ಸೇರಿಸಿದರೆ ಲೀಟರಿಗೆ 40, ವಾರ್ಡಿನಲ್ಲಿ ಸಾಮಾನ್ಯವಾಗಿ ಒಪ್ಪುವ ಮಿತಿ. ಅದೇ ಆಂಪುಲ್ 100 ಮಿ.ಲೀ.ಗೆ ಹೋದರೆ ಲೀಟರಿಗೆ 200ರ ಹತ್ತಿರ. ಅಂಗೈ ಹಿಂಬದಿಯ ನಾಳದಲ್ಲಿ ರಕ್ತದ ಹರಿವು ಕಡಿಮೆ, ಗುಲಾಬಿ ಕ್ಯಾನುಲಾ ಒಳಗೆ ಹೋದ ಮೇಲೆ ಸುತ್ತ ಜಾಗವೇ ಉಳಿಯುವುದಿಲ್ಲ. ಔಷಧಿ ನಾಳದ ಗೋಡೆಗೆ ಉಜ್ಜಿಕೊಂಡೇ ಹೋಗುತ್ತದೆ. ರೋಗಿ "ಉರಿ ಉರಿ" ಅಂತ ಕೈ ಅಲ್ಲಾಡಿಸುವುದು ಅದಕ್ಕೇ. ವೇಗವೂ ಮುಖ್ಯ: ವಾರ್ಡಿನಲ್ಲಿ ಗಂಟೆಗೆ 10 ಮೀರಬಾರದು ಅಂದರೆ ಒಂದು ಆಂಪುಲ್ ಮುಗಿಯಲು ಕನಿಷ್ಠ 2 ಗಂಟೆ.

ಹೃದಯ, ಕಿಡ್ನಿ ತೊಂದರೆ ಇದ್ದು 500 ಮಿ.ಲೀ. ನೀರು ಕೊಡಲಾಗದವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಡಾಕ್ಟರ್ ತೀರ್ಮಾನ, ಸಾಮಾನ್ಯವಾಗಿ ಐಸಿಯುನಲ್ಲಿ. ಟಿಪ್ಪಣಿಯಲ್ಲಿ ಅದಕ್ಕೂ ಅರ್ಧ ಸಾಲು ಇರಲಿ. ಸಿಸ್ಟರ್ ತಾನಾಗಿ ಡೋಸ್ ಬದಲಿಸಿಲ್ಲ, ಆರ್ಡರಿನಲ್ಲಿ ಬಿಟ್ಟುಹೋದದ್ದನ್ನು ಸರಿಯಾದವರ ಮುಂದೆ ತಂದರು ಅನ್ನುವುದು ಎದ್ದು ಕಾಣಬೇಕು. ತನ್ನ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಅಂತ ಗೊತ್ತಿರುವುದನ್ನೇ ಶಿಫ್ಟ್ ಇನ್‌ಚಾರ್ಜ್ ಹುದ್ದೆಗೆ ನೋಡುವುದು.

ಲೆಸ್ಟರ್ ಕನ್ನಡತಿ

ಇಂಗ್ಲೆಂಡಿನಲ್ಲಿ ಬ್ಯಾಂಡ್ 5ರಿಂದ 6ಕ್ಕೆ ಅರ್ಜಿ ಹಾಕುವಾಗ ಹುದ್ದೆಯ ಅರ್ಹತಾ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಪ್ರತಿ ಅಂಶಕ್ಕೂ ಒಂದು ಘಟನೆ ಬರೆಯುತ್ತಾರೆ. ನಿಮ್ಮ ಆಸ್ಪತ್ರೆಯಲ್ಲೂ ಶಿಫ್ಟ್ ಇನ್‌ಚಾರ್ಜ್‌ನ ಜಾಬ್ ಡಿಸ್ಕ್ರಿಪ್ಷನ್ ಇರುತ್ತದೆ, ಎನ್‌ಎಬಿಎಚ್ ಮಾನ್ಯತೆ ಇರುವ ಆಸ್ಪತ್ರೆಯಾದರೆ ಖಂಡಿತ ಇರಬೇಕು. ಅದನ್ನು ಎಚ್‌ಆರ್‌ನಿಂದ ತರಿಸಿ. ಅಲ್ಲಿ "ಕೆಲಸ ಹಂಚುವುದು" ಅಂತ ಇದ್ದು ನಿಮ್ಮ ಪುಟದಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ ಕ್ಯಾನುಲಾ ಉದಾಹರಣೆ ಎಷ್ಟು ಚೆನ್ನಾಗಿದ್ದರೂ ಸಾಲದು.

ಇನ್ನು ಕ್ರಿಯಾಪದ. "ಡೈಲ್ಯೂಷನ್ ನಿಗದಿಯಾಯಿತು" ಅಂತ ಬರೆದರೆ ಯಾರು ಮಾಡಿದರು ಗೊತ್ತಾಗುವುದಿಲ್ಲ. "ಇವರು ಪಟ್ಟಿ ಮಾಡಿದರು, ಫಾರ್ಮಸಿಸ್ಟ್ ಲೆಕ್ಕ ನೋಡಿದರು, ಫಿಸಿಶಿಯನ್ ಸಹಿ ಹಾಕಿದರು" ಅಂತ ಒಬ್ಬೊಬ್ಬರ ಕೆಲಸವನ್ನೂ ಬೇರೆ ಮಾಡಿ. ಮೂವರ ಕೆಲಸವನ್ನು ಒಬ್ಬರ ಹೆಸರಿಗೆ ಹಾಕಿದರೆ ಕಮಿಟಿಯಲ್ಲಿ ಕೂತ ಫಾರ್ಮಸಿಸ್ಟ್‌ಗೇ ಮೊದಲು ಗೊತ್ತಾಗುತ್ತದೆ.

ವಾರ್ಡ್ ಇನ್‌ಚಾರ್ಜ್, ಬೆಂಗಳೂರು

ಫೈಲ್ ತೆಗೆದು ನೋಡಿದೆ. ನವೆಂಬರ್: ಪೊಟ್ಯಾಶಿಯಂ ಹೋದವರು 11, ಬೇರೆಯವರು 8. ಫೆಬ್ರವರಿ: ಪೊಟ್ಯಾಶಿಯಂ 2, ಬೇರೆ 6. ಮೂರೂ ಶಿಫ್ಟ್ ಸ್ಕೋರ್ ಇದ್ದ ಫೈಲ್ ನವೆಂಬರಿನಲ್ಲಿ 20ಕ್ಕೆ 17, ಫೆಬ್ರವರಿಯಲ್ಲಿ 20ಕ್ಕೆ 18.

ಕ್ವಾಲಿಟಿ ಸೆಲ್

ಹಾಗಾದರೆ ಇಳಿಕೆಯ 11ರಲ್ಲಿ 9 ಪೊಟ್ಯಾಶಿಯಂ ಗುಂಪಿನದೇ. ಚಾರ್ಟ್ ತುಂಬುವುದು ಕಡಿಮೆಯಾಗಿಲ್ಲ. ಇನ್ನೊಂದು ಲೆಕ್ಕ ಬಾಕಿ ಇದೆ: ಎರಡೂ ತಿಂಗಳು ಪೊಟ್ಯಾಶಿಯಂ ಪಡೆದ ರೋಗಿಗಳ ಒಟ್ಟು ಸಂಖ್ಯೆ. ಫೆಬ್ರವರಿಯಲ್ಲಿ ಪೊಟ್ಯಾಶಿಯಂ ಆರ್ಡರೇ ಅರ್ಧ ಆಗಿದ್ದರೆ ಮಾತು ಬೇರೆ. ಫಾರ್ಮಸಿ ಇಂಡೆಂಟ್‌ನಲ್ಲಿ ಆಂಪುಲ್ ಎಣಿಕೆ ಸಿಗುತ್ತದೆ.

ಉಳಿದ 6ನ್ನೂ ಮುಚ್ಚಿಡಬೇಡಿ. "ಪೊಟ್ಯಾಶಿಯಂ ಅಲ್ಲದ ಫ್ಲೆಬೈಟಿಸ್‌ನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ" ಅಂತ ನೀವೇ ಬರೆದರೆ ಮೇಲಿನ ಅಂಕಿಯನ್ನು ಹೆಚ್ಚು ನಂಬುತ್ತಾರೆ.

ಹಾಸನದ ಅಕ್ಕ

ಹೊಸಬರ ತರಬೇತಿಯ ಸಾಲಿನ ಬಗ್ಗೆ ಹೇಳುತ್ತೇನೆ. "ಹೊಸಬರಿಗೆ ತರಬೇತಿ ನೀಡಿದ್ದಾರೆ" ಅಂದರೆ ಜೊತೆಯಲ್ಲಿ ಮೂರು ತಿಂಗಳು ಓಡಾಡಿಸಿದ್ದಾರೆ ಅಂತಲೂ ಆಗಬಹುದು. ಕಾಂಪಿಟೆನ್ಸಿ ಚೆಕ್‌ಲಿಸ್ಟ್ ಇರುತ್ತದಲ್ಲ, ಅದರಲ್ಲಿ ಯಾವ ಕೆಲಸಕ್ಕೆ ಸಹಿ ಹಾಕಲು ಅವರು ಒಪ್ಪಲಿಲ್ಲ ಅನ್ನುವುದನ್ನು ಹುಡುಕು ತಂಗಿ. ಎಲ್ಲದಕ್ಕೂ ಒಂದೇ ದಿನ ಸಹಿ ಹಾಕುವವರು ಸಾವಿರ ಸಿಗುತ್ತಾರೆ. "ಇನ್ನೂ ಆಗಿಲ್ಲ" ಅಂತ ಹೇಳಿ, ಕಾರಣ ಬರೆದು, ಮತ್ತೆ ಕಲಿಸಿ, ಆಮೇಲೆ ಸಹಿ ಹಾಕುವವರೇ ಇನ್‌ಚಾರ್ಜ್ ಆಗಬೇಕಾದವರು.

ವಾರ್ಡ್ ಇನ್‌ಚಾರ್ಜ್, ಬೆಂಗಳೂರು

ಅಕ್ಕ, ಅಂಥದ್ದು ಇದೆ! ಅವರು ಕಲಿಸಿದ ಮೂವರು ಹೊಸಬರಲ್ಲಿ ಒಬ್ಬರಿಗೆ ರಕ್ತ ಕೊಡುವ ವಿಭಾಗದಲ್ಲಿ ಸಹಿ ಹಾಕಿರಲಿಲ್ಲ. ಬ್ಯಾಗ್ ಶುರುವಾದದ್ದು 11.40ಕ್ಕೆ, 15 ನಿಮಿಷದ ವೈಟಲ್ಸ್ 11.55ಕ್ಕೆ ಇರಬೇಕು. ಚಾರ್ಟಿನಲ್ಲಿ 12.00, ಆಮೇಲೆ 12.30, 1.00 ಎಂದು ಎಲ್ಲ ದುಂಡನೆಯ ಸಮಯ, ಒಂದೇ ಪೆನ್ನಿನ ಒಂದೇ ಓಟದ ಬರಹ. ಕೊನೆಯಲ್ಲಿ ಕೂತು ನೆನಪಿನಿಂದ ತುಂಬಿದ್ದಾರೆ ಅಂತ ಸಿಸ್ಟರ್‌ಗೆ ಗೊತ್ತಾಯಿತು. ಗದರಿಸಲಿಲ್ಲ. ಮುಂದಿನ ಮೂರು ಟ್ರಾನ್ಸ್‌ಫ್ಯೂಷನ್‌ಗೆ ಮೊದಲ 15 ನಿಮಿಷ ಹಾಸಿಗೆ ಪಕ್ಕ ಜೊತೆಗೇ ನಿಂತರು, ಆಮೇಲೆ ಸಹಿ ಹಾಕಿದರು. ಚೆಕ್‌ಲಿಸ್ಟಿನಲ್ಲಿ ಎರಡೂ ದಿನಾಂಕ ಇದೆ.

ಹಾಸನದ ಅಕ್ಕ

ಅದನ್ನೇ ಬರಿ. ಹೊಸ ಹುಡುಗಿಯ ಹೆಸರು ಬೇಡ, ರೋಗಿಯ ಐಡಿ ನಂಬರ್ ಬೇಡ, ಬೆಡ್ ನಂಬರೂ ಬೇಡ. ಆ ಮಗು ಮುಂದೆ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ರಕ್ತ ಹೊಂದಿಕೆಯಾಗದಿದ್ದರೆ ಲಕ್ಷಣ ಕಾಣುವುದು ಹೆಚ್ಚಾಗಿ ಮೊದಲ ಕೆಲವು ನಿಮಿಷಗಳಲ್ಲೇ, ಅದಕ್ಕೇ ಆ ಒಂದು ರೀಡಿಂಗ್ ಸುಳ್ಳಾಗಬಾರದು. ಸೂಪರಿಂಟೆಂಡೆಂಟ್‌ಗೆ ಇದನ್ನು ವಿವರಿಸುವುದು ಬೇಡ, ಅವರಿಗೆ ಗೊತ್ತು.

ಮಂಗಳೂರು ಬ್ರದರ್

ಕೆಲಸ ಹಂಚುವ ಬಗ್ಗೆ ಲೆಸ್ಟರ್‌ನವರು ಹೇಳಿದ್ದು ಬಿಟ್ಟುಹೋಗಬಾರದು. ನೀವು ರಜೆಯಲ್ಲಿದ್ದಾಗ ಇವರು ಶಿಫ್ಟ್ ನಡೆಸಿದ್ದಾರೆಯೇ? ಅಸೈನ್‌ಮೆಂಟ್ ಪುಸ್ತಕ ನೋಡಿ. ಎಷ್ಟು ಶಿಫ್ಟ್ ಅನ್ನುವುದರ ಜೊತೆಗೆ ಕೈಬಲ ಕಡಿಮೆ ಇದ್ದ ಒಂದು ರಾತ್ರಿಯನ್ನು ಆರಿಸಿಕೊಳ್ಳಿ.

ವಾರ್ಡ್ ಇನ್‌ಚಾರ್ಜ್, ಬೆಂಗಳೂರು

ಆರು ತಿಂಗಳಲ್ಲಿ 22 ಶಿಫ್ಟ್ ನಡೆಸಿದ್ದಾರೆ. ಎಲ್ಲ ಸೇರಿಸಿ ಹೀಗೆ ಬರೆದಿದ್ದೇನೆ, ನೋಡಿ:

"ಕಳೆದ 6 ತಿಂಗಳಲ್ಲಿ ಇವರು 22 ಶಿಫ್ಟ್‌ಗಳಲ್ಲಿ ಇನ್‌ಚಾರ್ಜ್ ಆಗಿ ಕೆಲಸ ಮಾಡಿದ್ದಾರೆ. ಜನವರಿಯ ಒಂದು ರಾತ್ರಿ ನಾಲ್ವರ ಬದಲು ಮೂವರು ಸಿಸ್ಟರ್‌ಗಳಿದ್ದಾಗ ರೋಗಿಗಳನ್ನು ತಲೆಗೆ ಹತ್ತರಂತೆ ಹಂಚದೆ, ಎನ್‌ಇಡಬ್ಲ್ಯುಎಸ್ ಸ್ಕೋರ್ 5 ದಾಟಿದ್ದ ಇಬ್ಬರನ್ನು ತಾವೇ ವಹಿಸಿಕೊಂಡು ನರ್ಸಿಂಗ್ ಸ್ಟೇಷನ್ ಪಕ್ಕದ ಹಾಸಿಗೆಗೆ ತಂದರು. ಡ್ಯೂಟಿ ಡಾಕ್ಟರ್‌ಗೆ 9.10ಕ್ಕೆ, ನೈಟ್ ಸೂಪರ್‌ವೈಸರ್‌ಗೆ 9.15ಕ್ಕೆ ತಿಳಿಸಿದರು. ಒಬ್ಬರನ್ನು 11.30ಕ್ಕೆ ಐಸಿಯುಗೆ ಕಳಿಸಲಾಯಿತು.

ನವೆಂಬರಿನ 19 ಫ್ಲೆಬೈಟಿಸ್ ಪ್ರಕರಣಗಳನ್ನು (212 ಕ್ಯಾನುಲಾ) ಇವರು ಒಂದೊಂದಾಗಿ ಪರಿಶೀಲಿಸಿ, 11ರಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಹೋಗಿದ್ದನ್ನೂ ಆರ್ಡರಿನಲ್ಲಿ ಡೈಲ್ಯೂಷನ್ ಬರೆಯದಿರುವುದನ್ನೂ ಗುರುತಿಸಿದರು. ಫಾರ್ಮಸಿಸ್ಟ್ ಲೆಕ್ಕ ಪರಿಶೀಲಿಸಿದರು. ಫಿಸಿಶಿಯನ್ ಅನುಮೋದಿಸಿದ ಕ್ರಮ: 1 ಆಂಪುಲ್ 500 ಮಿ.ಲೀ.ಗೆ, ಪಂಪ್‌ನಲ್ಲಿ ಕನಿಷ್ಠ 2 ಗಂಟೆ, ಮುಂದೋಳಿನ ನಾಳದಲ್ಲಿ. ದ್ರವ ನಿರ್ಬಂಧ ಇರುವವರಿಗೆ ಡಾಕ್ಟರರ ಪ್ರತ್ಯೇಕ ಆರ್ಡರ್. ಇವರು ಮೂರೂ ಶಿಫ್ಟಿನ ಸಿಬ್ಬಂದಿಗೆ ಇದನ್ನು ತೋರಿಸಿಕೊಟ್ಟರು. ಫೆಬ್ರವರಿಯಲ್ಲಿ 205 ಕ್ಯಾನುಲಾಗಳಲ್ಲಿ 8 ಪ್ರಕರಣ, ಪೊಟ್ಯಾಶಿಯಂ ಸಂಬಂಧಿತ 2. ಉಳಿದ ಕಾರಣಗಳ ಫ್ಲೆಬೈಟಿಸ್‌ನಲ್ಲಿ ದೊಡ್ಡ ಬದಲಾವಣೆ ಇಲ್ಲ (8ರಿಂದ 6).

ಮೂವರು ಹೊಸ ಸಿಬ್ಬಂದಿಗೆ ಮಾರ್ಗದರ್ಶನ ಮಾಡಿದರು. ಒಬ್ಬರ ಟ್ರಾನ್ಸ್‌ಫ್ಯೂಷನ್ ದಾಖಲೆಯಲ್ಲಿ 15 ನಿಮಿಷದ ವೈಟಲ್ಸ್ ಸಮಯಕ್ಕೆ ಬರೆದಿಲ್ಲದ್ದನ್ನು ಗಮನಿಸಿ ಸಹಿ ತಡೆಹಿಡಿದರು. ಮುಂದಿನ ಮೂರು ಟ್ರಾನ್ಸ್‌ಫ್ಯೂಷನ್‌ಗಳಲ್ಲಿ ಜೊತೆಗಿದ್ದು ಸರಿಪಡಿಸಿದ ನಂತರ ಸಹಿ ಮಾಡಿದರು.

ಇನ್ನೂ ಅಭ್ಯಾಸ ಬೇಕಾದದ್ದು: ಡ್ಯೂಟಿ ರೋಸ್ಟರ್ ತಯಾರಿಕೆ. ಇದುವರೆಗೆ ಸ್ವತಂತ್ರವಾಗಿ ಮಾಡಿಲ್ಲ."

ಮಂಗಳೂರು ಬ್ರದರ್

ಈಗ ಬೇರೆಯದೇ ಟಿಪ್ಪಣಿ ಆಯಿತು. ಒಂದು ಸೇರ್ಪಡೆ: ತೋರಿಸಿಕೊಟ್ಟರು ಅಂದಿರಿ, ಏನನ್ನು? ತೂಗುಹಾಕಿದ ಬಾಟಲಿಗೆ ಪೊಟ್ಯಾಶಿಯಂ ಚುಚ್ಚಿದರೆ ಅದು ಕೆಳಗೆ, ಸೆಟ್ ಬಾಯಿಯ ಹತ್ತಿರವೇ ಸೇರಿಕೊಳ್ಳುತ್ತದೆ, ಮೊದಲ ಕೆಲವು ಮಿ.ಲೀ. ಗಟ್ಟಿಯಾಗಿ ಹೋಗುತ್ತದೆ. ಕೆಳಗಿಳಿಸಿ, ಸೇರಿಸಿ, ಹಲವು ಸಲ ಮೇಲೆ ಕೆಳಗೆ ತಿರುಗಿಸಿ, ಲೇಬಲ್ ಹಚ್ಚಿ ಆಮೇಲೆ ತೂಗುಹಾಕಬೇಕು. ಅವರು ಇದನ್ನು ಕಲಿಸಿದ್ದರೆ ನಾಲ್ಕು ಪದ ಸೇರಿಸಿ. ಬರೀ 500 ಮಿ.ಲೀ. ಅಂದರೆ ಅರ್ಧ ಕೆಲಸ.

ನೈಟ್ ಡ್ಯೂಟಿ

ರೋಸ್ಟರ್ ಬರುವುದಿಲ್ಲ ಅನ್ನುವ ಸಾಲನ್ನು ತೆಗೆಯಿರಿ ಮೇಡಂ. ಉಳಿದ ನಾಲ್ಕು ವಾರ್ಡಿನವರು ಕೊರತೆ ಬರೆಯುತ್ತಾರೆಯೇ? ನಾವೇ ಯಾಕೆ ಕೈಯಾರೆ ಕೊಡಬೇಕು?

ಲೆಸ್ಟರ್ ಕನ್ನಡತಿ

ನಾನಾದರೆ ಇಟ್ಟುಕೊಳ್ಳುತ್ತೇನೆ, ಆದರೆ ಪಕ್ಕದಲ್ಲಿ ತಾರೀಕು ಹಾಕುತ್ತೇನೆ: "ಮುಂದಿನ ಎರಡು ತಿಂಗಳ ರೋಸ್ಟರ್ ನನ್ನ ಜೊತೆ ಕೂತು ಮಾಡುತ್ತಾರೆ." ಸಂದರ್ಶನದಲ್ಲಿ ರೋಸ್ಟರ್ ಬಗ್ಗೆ ಕೇಳಿದಾಗ ಅವರು ತಡವರಿಸುವುದಕ್ಕಿಂತ ಇದು ಒಳ್ಳೆಯದು.

ಹಾಸನದ ಅಕ್ಕ

ನಾನು ನೈಟ್ ಡ್ಯೂಟಿ ಕಡೆ. ಕಮಿಟಿಯಲ್ಲಿ ಹೊರಗಿನ ವಾರ್ಡಿನವರು ಕೂತಿರುತ್ತಾರೆ, ಅವರಿಗೆ ಆ ಒಂದು ಸಾಲು ಸಾಕು. ಬಾಯಿಮಾತಿನಲ್ಲಿ ಮೇಡಂಗೆ ಹೇಳು, ಕಾಗದದಲ್ಲಿ ಬೇಡ.

ಕ್ವಾಲಿಟಿ ಸೆಲ್

ಇದು ನಿಮ್ಮ ಸೂಪರಿಂಟೆಂಡೆಂಟ್ ಎಂಥವರು ಅನ್ನುವುದರ ಮೇಲೆ ನಿಂತಿದೆ, ನಾನು ಹೇಳಲಾರೆ. ಪೊಟ್ಯಾಶಿಯಂ ವಿಷಯದಲ್ಲಿ ನೈಟ್ ಡ್ಯೂಟಿ ಎತ್ತಿದ ಅಂಜಿಕೆಗೆ ಮಾತ್ರ ಒಂದು ಮಾತು. ಆ 11 ಪ್ರಕರಣ ಆಗಲೇ ಇನ್ಸಿಡೆಂಟ್ ರಿಪೋರ್ಟ್ ಆಗಿದ್ದರೆ ಟಿಪ್ಪಣಿಯಲ್ಲಿ ಬರೆಯಲು ಭಯ ಬೇಡ, ರಿಪೋರ್ಟ್ ನಂಬರ್ ಹಾಕಿ. ಆಗಿಲ್ಲದಿದ್ದರೆ ಬಡ್ತಿ ಟಿಪ್ಪಣಿಯಲ್ಲಿ ಮೊದಲ ಸಲ ಅದು ಹೊರಬರಬಾರದು, ಮೊದಲು ನಮ್ಮಂಥ ಸೆಲ್‌ಗೆ ತಿಳಿಸಿ.

ವಾರ್ಡ್ ಇನ್‌ಚಾರ್ಜ್, ಬೆಂಗಳೂರು

19ಕ್ಕೂ ರಿಪೋರ್ಟ್ ಆಗಿದೆ, ನಂಬರ್ ಹಾಕುತ್ತೇನೆ. ಬಾಟಲಿ ತಿರುಗಿಸುವುದನ್ನು ಅವರು ಕಲಿಸಿದ್ದಾರೆ, ಔಷಧಿ ಟ್ರಾಲಿಯ ಮೇಲೆ ಕೈಬರಹದ ಚೀಟಿ ಇನ್ನೂ ಅಂಟಿಕೊಂಡಿದೆ: "ಇಳಿಸಿ, ಸೇರಿಸಿ, ತಿರುಗಿಸಿ, ಲೇಬಲ್." ಫಾರ್ಮಸಿಯಿಂದ ಆಂಪುಲ್ ಎಣಿಕೆ ನಾಳೆ ಸಿಗುತ್ತದೆ. ಎರಡೂ ತಿಂಗಳು ಸರಿಸುಮಾರು ಒಂದೇ ಇದ್ದರೆ ಆ ಪ್ಯಾರಾ ಹೀಗೇ ಹೋಗುತ್ತದೆ, ಇಲ್ಲದಿದ್ದರೆ ಎಣಿಕೆಯನ್ನೂ ಪಕ್ಕದಲ್ಲಿ ಬರೆಯುತ್ತೇನೆ. ರೋಸ್ಟರ್ ಸಾಲಿನ ಬಗ್ಗೆ ಸಿಸ್ಟರನ್ನೇ ಕೇಳುತ್ತೇನೆ, ಅವರ ಹೆಸರಿನಲ್ಲಿ ಹೋಗುವ ಕಾಗದ ಅದು.